ಕಟ್‌ಗಳನ್ನು ಎಣಿಸಿದ ಹಾಳೆ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಪ್ಪ ಆ ಕೆಲಸವನ್ನು ನನಗೆ ವಹಿಸಿದ್ದು ಭಾನುವಾರವೋ ಬೇರೆ ರಜಾದಿನವೋ ಖಚಿತವಿಲ್ಲ. ಅವರು ಕಂದು ಬಣ್ಣದ ಸ್ವೆಟರ್ ಹಾಕಿಕೊಂಡಿದ್ದರು ಎಂದು ನನ್ನ ಡೈರಿಯಲ್ಲಿದೆ; ನನ್ನ ನೆನಪಿನಲ್ಲಿ ಅದು ಬೂದು. ಡೈರಿಯನ್ನು ನಂಬಬೇಕು ಅನ್ನಿಸುತ್ತದೆ, ಆದರೆ ಡೈರಿಯನ್ನೂ ಬರೆದವಳು ನಾನೇ. ಸಂಖ್ಯೆಗಳು ಮಾತ್ರ ಸರಿಯಾಗಿವೆ. ಅವು ಹಾಳೆಯಲ್ಲಿವೆ, ಆ ಹಾಳೆಯನ್ನು ನಾನು ಅಳಿಸಿಲ್ಲ.

ಅಪ್ಪ ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಚಿತ್ರದುರ್ಗದ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ಮನೆ ಕಟ್ಟಿಕೊಂಡು, ಮೇಲಿನ ಎರಡು ಪೋರ್ಷನ್‌ಗಳನ್ನು ಬಾಡಿಗೆಗೆ ಕೊಟ್ಟು, ಕೆಳಗೆ ನನ್ನ ತಮ್ಮನ ಜೊತೆ ಇದ್ದರು. ಅಮ್ಮ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ತಮ್ಮನದು ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವ ಕೆಲಸ. ವಿಜಯನಗರದ ಒಂದು ಸ್ಟುಡಿಯೊಗೆ ಕೆಲಸ ಮಾಡಿಕೊಡುತ್ತಿದ್ದ, ಹೆಚ್ಚಾಗಿ ಮನೆಯಲ್ಲೇ ಕೂತು. ನಾನು ಕೆಂಗೇರಿಯಲ್ಲಿದ್ದೇನೆ, ಅಲ್ಲಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ವಾರಕ್ಕೊಮ್ಮೆ ಮೆಟ್ರೊದಲ್ಲಿ ವಿಜಯನಗರದವರೆಗೆ ಬಂದು, ಅಲ್ಲಿಂದ ಆಟೊ ಹಿಡಿದು ಅಪ್ಪನ ಮನೆಗೆ ಹೋಗುತ್ತಿದ್ದೆ.

ನಿವೃತ್ತಿಯ ನಂತರ ಅಪ್ಪ ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಕ್ಕಳಿಗಾಗಿ ಗಣಿತದ ಚಾನೆಲ್ ಶುರು ಮಾಡಿದ್ದರು. ಮುಂದಿನ ಕೋಣೆಯ ಗೋಡೆಗೆ ಒಂದು ಕಪ್ಪು ಹಲಗೆ, ಅದರ ಎದುರು ತಮ್ಮನ ಹಳೆಯ ಫೋನು ಸ್ಟ್ಯಾಂಡಿನ ಮೇಲೆ. ಬಿಳಿ ಬೋರ್ಡು, ಮಾರ್ಕರ್ ಎಲ್ಲ ಬೇಡವೆಂದಿದ್ದರು. "ಕೂತ್ಕೊಳ್ಳಿ ಮಕ್ಕಳೇ" ಎಂದು ಪಾಠ ಶುರುವಾಗುತ್ತಿತ್ತು. ಶಾಲೆಯಲ್ಲಿದ್ದಾಗಿನ ಒಂದು ಅಭ್ಯಾಸವನ್ನು ಅವರು ಕ್ಯಾಮೆರಾದ ಮುಂದೆಯೂ ಬಿಟ್ಟಿರಲಿಲ್ಲ. ಒಂದು ಹಂತ ಬರೆದಾದ ಮೇಲೆ "ಬರ್ಕೊಳ್ಳಿ" ಎಂದು ಹೇಳಿ, ಹಲಗೆಯ ಪಕ್ಕಕ್ಕೆ ಸರಿದು, ಕೈಕಟ್ಟಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ಹತ್ತು ಸೆಕೆಂಡು, ಹದಿನೈದು ಸೆಕೆಂಡು. ಕೊನೆಯ ಬೆಂಚಿನ ಹುಡುಗ ತಲೆ ಎತ್ತುವವರೆಗೆ. ಕೊನೆಯ ಬೆಂಚು ಈಗ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ, ಆದರೂ ಅವರು ಕಾಯುತ್ತಿದ್ದರು. ವಿಡಿಯೊ ನಿಲ್ಲಿಸಿ ಬರೆದುಕೊಳ್ಳಬಹುದಲ್ಲ ಎಂದು ನಾನೊಮ್ಮೆ ಹೇಳಿದ್ದಕ್ಕೆ, ತನ್ನ ಅಮ್ಮನ ಫೋನನ್ನು ಅಡುಗೆಮನೆಯಲ್ಲಿ ಗೋಡೆಗೆ ಒರಗಿಸಿಟ್ಟು ನೋಡುವ ಹುಡುಗಿ ಕೈಯಲ್ಲಿ ಪೆನ್ನು ಹಿಡಿದುಕೊಂಡು ಅದನ್ನು ಮುಟ್ಟುವುದು ಹೇಗೆ ಎಂದು ಕೇಳಿದ್ದರು.

ಪ್ರತಿ ಶನಿವಾರ ಸಂಜೆ ಆರಕ್ಕೆ ಒಂದು ವಿಡಿಯೊ. ಆ ವರ್ಷದ ಪಠ್ಯದ ಇಪ್ಪತ್ತು ಪಾಠಗಳು ಆದಾಗ ಅವರು ತಮ್ಮ ಉದ್ದನೆಯ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟರು. ಅಂಕಪಟ್ಟಿಯ ಹಾಗೆ ಗೆರೆ ಎಳೆದು, ಪ್ರತಿ ವಿಡಿಯೊ ಎಷ್ಟು ಜನ ನೋಡಿದ್ದಾರೆ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಸಂಖ್ಯೆಗಳು ಪುಟದ ಕೆಳಗೆ ಹೋಗುತ್ತಾ ಸಣ್ಣದಾಗುತ್ತಿದ್ದವು.

"ನೋಡಮ್ಮ, ಮಕ್ಕಳು ಕ್ಲಾಸಿಂದ ಎದ್ದು ಹೋಗ್ತಾ ಇದಾರೆ. ಯಾಕೆ ಅಂತ ಕಂಡು ಹಿಡಿ, ಅಲ್ಲೀವರೆಗೂ ಹೊಸ ಪಾಠ ಹಾಕಲ್ಲ. ಪಾಠ ಚೆನ್ನಾಗಿಲ್ಲ ಅಂದ್ರೆ ನಿಲ್ಲಿಸ್ಬಿಡ್ತೀನಿ, ಪರೀಕ್ಷೆ ವರ್ಷದ ಮಕ್ಕಳ ಟೈಮ್ ಹಾಳು ಮಾಡೋದು ಬೇಡ."

ತಮಾಷೆಗೆ ಹೇಳಿದ ಮಾತಲ್ಲ ಅದು. ಚಾನೆಲ್ ಬಿಟ್ಟರೆ ಅವರಿಗೆ ದಿನದಲ್ಲಿ ಬೇರೆ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಮಕ್ಕಳ ಕಾಮೆಂಟುಗಳಿಗೆ "ಒಳ್ಳೆಯದಾಗಲಿ" ಎಂದು ಒಂದೊಂದಾಗಿ ಬರೆಯುವುದು, ಮುಂದಿನ ಪಾಠಕ್ಕೆ ಲೆಕ್ಕ ಆರಿಸುವುದು, ಸೀಮೆಸುಣ್ಣ ತರುವುದು. ಅದು ನಿಂತರೆ ಇವರು ಏನು ಮಾಡುತ್ತಾರೆ ಎಂದು ನಾನು ಯೋಚಿಸಿದ್ದು ನೆನಪಿದೆ. ಉಳಿಸಿಕೊಡಬೇಕು ಎಂದುಕೊಂಡೆ. ಅಂಕಿಅಂಶ ಓದುವುದು, ನನಗೆ ಬರುವ ಒಂದೇ ವಿದ್ಯೆ ಅದು ತಾನೇ.

ನೋಟ್‌ಬುಕ್ಕಿನ ಲೆಕ್ಕ ತಪ್ಪು ಎಂದು ಮೊದಲೇ ಹೇಳಿದೆ. ಮೊದಲ ವಿಡಿಯೊಗೆ ಐದು ತಿಂಗಳು ಸಿಕ್ಕಿದೆ, ಕೊನೆಯದಕ್ಕೆ ಒಂದು ವಾರವೂ ಇಲ್ಲ. ಈವರೆಗಿನ ಒಟ್ಟು ನೋಟಗಳನ್ನು ಹೋಲಿಸಿದರೆ ಹಳೆಯದು ಗೆಲ್ಲಲೇಬೇಕು. ನಾನು ಅದನ್ನು ಪೂರ್ತಿ ವಿವರಿಸುವ ಮೊದಲೇ ಅಪ್ಪ ಕೈ ಎತ್ತಿ ತಡೆದರು.

"ಗೊತ್ತಾಯ್ತು ಬಿಡು. ಜೂನಲ್ಲಿ ಸೇರಿದೋನ ಹಾಜರಿನೂ ನವೆಂಬರಲ್ಲಿ ಸೇರಿದೋನ ಹಾಜರಿನೂ ಕೂಡಿಟ್ಟು ನೋಡಿದ ಹಾಗಾಯ್ತು. ಎಲ್ಲರದ್ದೂ ಮೊದಲನೇ ವಾರದ ಹಾಜರಿ ಮಾತ್ರ ತಗೋ."

ಇದನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಅವರ ತಲೆ ಅಂದು ನನ್ನದಕ್ಕಿಂತ ಬೇಗ ಓಡಿತು. ನಾನು ಏನನ್ನೂ ಅನುಮಾನಿಸದಿದ್ದುದಕ್ಕೆ ಇದನ್ನೇ ಸಮಜಾಯಿಷಿಯಾಗಿ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಇಪ್ಪತ್ತನೆಯ ವಿಡಿಯೊಗೆ ಏಳು ದಿನ ತುಂಬಿ, ಲೆಕ್ಕಗಳು ಪೂರ್ತಿ ಬರಲಿ ಎಂದು ಇನ್ನೆರಡು ದಿನ ಕಾದು, ಲ್ಯಾಪ್‌ಟಾಪಿನಲ್ಲಿ ಹಾಳೆ ತೆರೆದೆ. ಒಂದು ವಿಡಿಯೊಗೆ ಒಂದು ಸಾಲು. ಕಾಲಂಗಳು ಹೆಚ್ಚೇನಿಲ್ಲ: ಪಾಠದ ಹೆಸರು, ಹಾಕಿದ ತಾರೀಖು, ಎಷ್ಟು ನಿಮಿಷದ್ದು, ಮೊದಲ ಏಳು ದಿನದ ನೋಟಗಳು, ಪರದೆಯ ಮೇಲೆ ಅದರ ಚಿತ್ರ ಎಷ್ಟು ಸಲ ಕಾಣಿಸಿತು, ಕಂಡವರಲ್ಲಿ ನೂರಕ್ಕೆ ಎಷ್ಟು ಜನ ಒತ್ತಿದರು, ಒತ್ತಿದವರು ಸರಾಸರಿ ಎಷ್ಟು ಹೊತ್ತು ನೋಡಿದರು, ಅದು ವಿಡಿಯೊದ ಶೇಕಡಾ ಎಷ್ಟು. ಚಾನೆಲ್ಲಿನ ಅಂಕಿಅಂಶದ ಪುಟದಲ್ಲಿ ಪ್ರತಿಯೊಂದು ವಿಡಿಯೊಗೂ ಅದರದೇ ಮೊದಲ ಏಳು ದಿನಗಳನ್ನು ಆರಿಸಿ, ಬಂದ ಸಂಖ್ಯೆಗಳನ್ನು ನಕಲು ಮಾಡಬೇಕು. ಇಪ್ಪತ್ತು ಸಲ. ಅಪ್ಪ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದರು, ನಾನು ತುಂಬಿಸುತ್ತಿದ್ದೆ. ಪೈಥಾಗೊರಸ್ ಪ್ರಮೇಯದ ವಿಡಿಯೊವನ್ನು ಯಾವುದೋ ಶಾಲೆಯವರು ತಮ್ಮ ಗುಂಪಿನಲ್ಲಿ ಹಂಚಿಕೊಂಡಿದ್ದರಿಂದ ಅದೊಂದರ ನೋಟಗಳು ಉಳಿದವುಗಳ ನಾಲ್ಕು ಪಟ್ಟು ಇದ್ದವು. "ಸರಾಸರಿ ಹಾಕ್ಬೇಡ, ಅವನೊಬ್ಬ ಎಲ್ಲರನ್ನೂ ಎಳ್ಕೊಂಡು ಹೋಗ್ತಾನೆ, ಮಧ್ಯಾಂಕ ತಗೋ" ಎಂದರು. ಎಲ್ಲವನ್ನೂ ಏರಿಕೆಯ ಕ್ರಮದಲ್ಲಿ ಇಟ್ಟು ನಡುವಿನದನ್ನು ನೋಡುವುದು. ಅದನ್ನು ನನಗೆ ಹನ್ನೆರಡನೇ ವಯಸ್ಸಿನಲ್ಲಿ ಹೇಳಿಕೊಟ್ಟವರು ಅವರೇ.

ಮೊದಲು ಕಂಡದ್ದು ಇಷ್ಟು. ಚಿತ್ರ ಕಾಣಿಸಿದವರಲ್ಲಿ ಒತ್ತುವವರ ಪ್ರಮಾಣ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಇತ್ತು. ಹೆಸರಿನಲ್ಲಿ, ಚಿತ್ರದಲ್ಲಿ ತಪ್ಪಿಲ್ಲ. ಮಕ್ಕಳು ಬಾಗಿಲವರೆಗೆ ಬರುತ್ತಿದ್ದಾರೆ. ವಿಡಿಯೊಗಳ ಉದ್ದವೂ ಹನ್ನೆರಡು ನಿಮಿಷದ ಆಸುಪಾಸು. ಇಳಿದದ್ದು ನೋಡುವ ಹೊತ್ತು. ಮೊದಲಿನ ಪಾಠಗಳನ್ನು ಅರ್ಧದವರೆಗೆ ನೋಡುತ್ತಿದ್ದವರು ಈಚಿನವನ್ನು ಕಾಲುಭಾಗಕ್ಕೇ ಬಿಡುತ್ತಿದ್ದರು. ಬಿಟ್ಟು ಹೋಗುವವರು ಹೆಚ್ಚಾದ ಹಾಗೆ ವಿಡಿಯೊ ಹೊಸಬರ ಪರದೆಗೆ ಹೋಗುವುದೂ ಕಡಿಮೆಯಾಗಿ, ನೋಟಗಳು ಕುಸಿದಿದ್ದವು. ಅಂದರೆ ತೊಂದರೆ ಇರುವುದು ಒಳಗೆ.

ಒಳಗೇನಿದೆ ಎಂದು ಅಂಕಿಅಂಶದ ಪುಟ ಹೇಳುವುದಿಲ್ಲ, ನೋಡಿಯೇ ತುಂಬಿಸಬೇಕು. ಮುಂದಿನ ವಾರ ಕೆಂಗೇರಿಯ ನನ್ನ ಮನೆಯಲ್ಲಿ ಇಪ್ಪತ್ತನ್ನೂ ನೋಡಿದೆ. ಲೆಕ್ಕ ಕಠಿಣವೇ ಸುಲಭವೇ ಎಂದು ಒಂದು ಕಾಲಂ, ಮೊದಲ ನಿಮಿಷದಲ್ಲೇ ಲೆಕ್ಕ ಶುರುವಾಗುತ್ತದೆಯೇ ಎಂದು ಇನ್ನೊಂದು. ಎರಡರಲ್ಲೂ ಏನೂ ಕಾಣಲಿಲ್ಲ. ನಾಲ್ಕನೆಯದೋ ಐದನೆಯದೋ ನೋಡುವಾಗ ಚಿತ್ರ ಆಗಾಗ ಜಿಗಿದಂತಾಗುವುದು ಗಮನಕ್ಕೆ ಬಂತು. ಅಪ್ಪನ ಕೈ ಹಲಗೆಯ ಈ ಕಡೆ ಇದ್ದದ್ದು ತಟ್ಟನೆ ಆ ಕಡೆ. ಎಡಿಟ್ ಮಾಡುವಾಗ ನಡುವಿನದನ್ನು ಕತ್ತರಿಸಿ ಹೊಲಿದ ಜಾಗ. ಇನ್ನೊಂದು ಕಾಲಂ ಮಾಡಿ "ಕಟ್" ಎಂದು ಬರೆದೆ. ಮೊದಲಿಂದ ಮತ್ತೆ ನೋಡುತ್ತಾ ಎಣಿಸಿದೆ. ಮೊದಲ ವಿಡಿಯೊದಲ್ಲಿ ನಾಲ್ಕು. ಇಪ್ಪತ್ತನೆಯದರಲ್ಲಿ ಮೂವತ್ತೆಂಟು.

ಶೇಕಡಾ ಕಾಲಮ್ಮಿನ ಪ್ರಕಾರ ಇಳಿಕೆಯ ಕ್ರಮದಲ್ಲಿ ಜೋಡಿಸಿದಾಗ, ಕಟ್‌ಗಳ ಕಾಲಂ ತಾನಾಗಿಯೇ ಏರಿಕೆಯ ಕ್ರಮಕ್ಕೆ ಬಂದು ನಿಂತಿತು. ಒಂದೆರಡು ಕಡೆ ಬಿಟ್ಟರೆ. ಕಡಿಮೆ ಕಟ್ ಇರುವ ಹತ್ತರ ಮಧ್ಯಾಂಕ, ಹೆಚ್ಚು ಇರುವ ಹತ್ತರದ್ದಕ್ಕಿಂತ ಬಹುತೇಕ ಎರಡರಷ್ಟು. ಖುಷಿಯಾಯಿತು. ಇದನ್ನು ಮುಚ್ಚಿಡುವುದು ಬೇಡ, ಖುಷಿಯೇ ಆಯಿತು. ದೊಡ್ಡ ಸಂಖ್ಯೆಗೆ ಹಸಿರು, ಸಣ್ಣದಕ್ಕೆ ಕೆಂಪು ಬಣ್ಣ ತಾನಾಗಿ ಬರುವ ಹಾಗೆ ಇಟ್ಟು, ಹಾಳೆಯನ್ನು ಚಂದ ಮಾಡಿದೆ.

ಇಪ್ಪತ್ತು ಸಾಲು ಅಂದರೆ ಏನೂ ಅಲ್ಲ, ಎರಡು ಸಂಗತಿ ಜೊತೆಯಲ್ಲಿ ನಡೆದವೆಂದರೆ ಒಂದು ಇನ್ನೊಂದಕ್ಕೆ ಕಾರಣವೆಂದಲ್ಲ, ಎರಡರ ಹಿಂದೆಯೂ ಮೂರನೆಯದು ಇರಬಹುದು. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ತಾರೀಖಿನ ಪ್ರಕಾರ ಜೋಡಿಸಿದರೂ ಕಟ್‌ಗಳು ಏರುತ್ತವೆ ಎಂಬುದನ್ನು ನೋಡಿದೆ. ಐದು ತಿಂಗಳಲ್ಲಿ ಏನೋ ಬದಲಾಗುತ್ತಾ ಬಂದಿದೆ ಎಂದು ಹಾಳೆ ಬಾಯಿಬಿಟ್ಟು ಹೇಳುತ್ತಿತ್ತು. ಬದಲಾದವನು ತಮ್ಮ ಎಂದು ನಾನು ಓದಿಕೊಂಡೆ. ಅವನಿಗೆ ಮದುವೆ ಸೀಸನ್ನು, ಕೈತುಂಬ ಕೆಲಸ, ಅಪ್ಪನ ವಿಡಿಯೊವನ್ನೂ ತಾಳಿ ಕಟ್ಟುವ ಟ್ರೇಲರ್‌ನ ಹಾಗೆ ಕತ್ತರಿಸಿ ಬಿಸಾಡುತ್ತಿದ್ದಾನೆ. ಅದಕ್ಕಿಂತ ಮುಖ್ಯವಾಗಿ, "ಬರ್ಕೊಳ್ಳಿ" ಎಂದ ಮೇಲೆ ಅಪ್ಪ ಸುಮ್ಮನೆ ನಿಲ್ಲುವ ಹೊತ್ತನ್ನೆಲ್ಲ ತೆಗೆದುಹಾಕುತ್ತಿದ್ದಾನೆ. ಬರೆದುಕೊಳ್ಳಲು ಸಮಯ ಸಿಗದ ಮಕ್ಕಳು ಎದ್ದು ಹೋಗುತ್ತಿದ್ದಾರೆ. ಎಷ್ಟು ಸರಿಯಾಗಿ ಕೂತಿತು ಈ ವಿವರಣೆ. ಈಚಿನ ವಿಡಿಯೊಗಳಲ್ಲಿ ಆ ಮೌನಗಳು ನಿಜಕ್ಕೂ ಇರಲಿಲ್ಲ.

ಭಾನುವಾರ ಊಟದ ಹೊತ್ತಿಗೆ ಹಾಳೆಯನ್ನು ತೆರೆದಿಟ್ಟೆ. ರೊಟ್ಟಿ, ಎಣ್ಣೆಗಾಯಿ ಖಾನಾವಳಿಯಿಂದ ತಮ್ಮನೇ ತಂದಿದ್ದ. ಬಡಿಸುತ್ತಲೂ ಇದ್ದ. ನಾನು ಎಲ್ಲರೆದುರು, ಅಂದರೆ ಅಪ್ಪನ ಎದುರು, ಕಾಲಂಗಳನ್ನು ಒಂದೊಂದಾಗಿ ವಿವರಿಸಿದೆ. ಅಪ್ಪ ಕನ್ನಡಕ ಏರಿಸಿ ಪರದೆಗೆ ಹತ್ತಿರ ಬಾಗಿದರು. ಕಟ್‌ಗಳ ಕಾಲಮ್ಮನ್ನು ತಮ್ಮ ಒಮ್ಮೆ ನೋಡಿದ, ಆಮೇಲೆ ನೋಡಲಿಲ್ಲ.

"ಅಪ್ಪನ ಪಾಠನ ಮದುವೆ ವಿಡಿಯೊ ಮಾಡ್ಬಿಟ್ಟಿದೀಯ ಕಣೋ. ಡ್ರೋನ್ ಶಾಟ್ ಒಂದು ಬಾಕಿ" ಎಂದೆ.

ಅಪ್ಪ ನಕ್ಕರು. ತಮ್ಮ ನಗಲಿಲ್ಲ. ಇನ್ನೊಂದು ರೊಟ್ಟಿ ಬೇಕಾ ಎಂದು ಕೇಳಿದ. ಅವನಿಗೆ ಅವಮಾನವಾಯಿತು ಎಂದು ಆಗ ಅಂದುಕೊಂಡೆ, ಸ್ವಲ್ಪ ಆಗಲಿ ಎಂದೂ ಅಂದುಕೊಂಡಿರಬೇಕು. ಅಪ್ಪ ಮುಂದಿನ ಪಾಠವನ್ನು ಕತ್ತರಿಸದೆ ಇದ್ದ ಹಾಗೇ ಹಾಕಿ ನೋಡೋಣ ಎಂದರು. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟರೆ ಕಾರಣ ಗೊತ್ತಾಗುತ್ತದೆ ಎಂದು, ನನಗೇ ಪಾಠ ಹೇಳುವ ಧಾಟಿಯಲ್ಲಿ. ಆಗುವುದಿಲ್ಲ ಎಂದ ತಮ್ಮ. ಯಾಕೆ ಎಂದರೆ, ಚೆನ್ನಾಗಿ ಬರಲ್ಲ ಎಂದ. ಅಷ್ಟೇ.

ತಟ್ಟೆಗಳನ್ನು ತೊಳೆಯುವಾಗ ಅವನು ನನ್ನ ಪಕ್ಕಕ್ಕೆ ಬಂದು, ನಲ್ಲಿಯನ್ನು ಜೋರಾಗಿ ಬಿಟ್ಟು ಹೇಳಿದ:

"ಅದೆಲ್ಲಾ ಬರ್ಕೊಳ್ಳೋ ಟೈಮ್ ಅಲ್ಲ ಅಕ್ಕಾ."

ಈ ಮಾತನ್ನು ಅವನು ಹೇಳಿದ್ದಂತೂ ಖಚಿತ, ಡೈರಿಯಲ್ಲಿ ಅದೇ ದಿನ ಬರೆದಿದ್ದೇನೆ. ನಾನು ಏನು ಉತ್ತರ ಕೊಟ್ಟೆ ಎಂದು ಬರೆದಿಲ್ಲ. ಎಡಿಟ್ ಮಾಡುವವರಿಗೆಲ್ಲ ಮೌನ ಅಂದರೆ ವ್ಯರ್ಥ ಎಂದೇನೋ ಹೇಳಿರಬೇಕು. ಅವನು ನಲ್ಲಿ ನಿಲ್ಲಿಸಿ ಹೊರಗೆ ಹೋದ. ಸ್ಕೂಟರಿನ ಸದ್ದು ಕೇಳಿತು.

ಇಪ್ಪತ್ತೊಂದನೆಯ ಪಾಠ ತ್ರಿಕೋನಮಿತಿಯದು. ಎರಡು ಭಿನ್ನರಾಶಿಗಳನ್ನು ಕೂಡಿಸಿ ಎಡಭಾಗ ಬಲಭಾಗಕ್ಕೆ ಸಮ ಎಂದು ಸಾಧಿಸುವ ಲೆಕ್ಕ. ಅಪ್ಪ ಅದನ್ನು ಶುಕ್ರವಾರ ಚಿತ್ರೀಕರಿಸಿಕೊಂಡರು. ತಮ್ಮ ಕತ್ತರಿಸದೆ ಹಾಕಲು ಒಪ್ಪಲಿಲ್ಲವಾದ್ದರಿಂದ, ಶನಿವಾರ ಕಾಲೇಜು ಮುಗಿಸಿ ಬಂದ ನಾನು ಫೋನಿನಿಂದ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಅವನು ಆಗ ಒಂದು ಆರತಕ್ಷತೆಯ ಚಿತ್ರೀಕರಣಕ್ಕೆಂದು ಸುಂಕದಕಟ್ಟೆಗೆ ಹೋಗಿದ್ದ. ಇಪ್ಪತ್ತಾರು ನಿಮಿಷದ ಫೈಲು. ಮೊದಲ ಮೂರು ನಾಲ್ಕು ನಿಮಿಷ ನೋಡಿದೆ. ಅಪ್ಪ ಒಂದು ಸಾಲು ಬರೆದರು, "ಬರ್ಕೊಳ್ಳಿ" ಎಂದರು, ಕೈಕಟ್ಟಿ ನಿಂತರು. ಸ್ವಲ್ಪ ಹೆಚ್ಚು ಹೊತ್ತು ನಿಂತರು. ಇದೇ ನೋಡು, ಇದನ್ನೇ ಇವನು ಕತ್ತರಿಸುತ್ತಿದ್ದದ್ದು ಎಂದುಕೊಂಡೆ. ಆರು ಗಂಟೆಗೆ ಹಾಕಬೇಕಿತ್ತು. ಪೂರ್ತಿ ನೋಡಲು ಸಮಯವಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಸಮಯವಿತ್ತು. ಅಪ್ಪ ಮಾಡಿಕೊಟ್ಟ ಚಹಾ ಕುಡಿಯುತ್ತಾ ಕೂತಿದ್ದೆ.

ಸೋಮವಾರ ಬೆಳಿಗ್ಗೆ ಅವಕಾಶ ಸಿಕ್ಕಾಗ ಅಂಕಿಅಂಶದ ಪುಟ ತೆರೆದೆ. ಎರಡೇ ದಿನದಲ್ಲಿ ನೋಟಗಳು ಪೈಥಾಗೊರಸ್ಸಿನ ಏಳು ದಿನದ ಲೆಕ್ಕವನ್ನು ದಾಟಿದ್ದವು. ನೋಡಿದವರು ಹೆಚ್ಚು ಹೊತ್ತು ನೋಡಿದ್ದರು. ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ನಕ್ಕಿದ್ದೆ ಎಂದು ನೆನಪು. ಆಮೇಲೆ ಕಾಮೆಂಟುಗಳಿಗೆ ಹೋದೆ, ಹೆಚ್ಚಿನವು ಹಿಂದಿನ ರಾತ್ರಿ ಬಂದವು. "ಸಾರ್ ಬಫರ್ ಆಗ್ತಾ ಇದಾರೆ" ಎಂದು ಮೇಲೆಯೇ ಇತ್ತು, ನೆಟ್ ಸಿಗದ ವಿಡಿಯೊದ ಹಾಗೆ ನಿಂತುಬಿಟ್ಟರೆಂಬ ಗೇಲಿ, ಅದಕ್ಕೆ ನೂರಾರು ಮೆಚ್ಚುಗೆ. ಹದಿನಾಲ್ಕನೇ ನಿಮಿಷದಿಂದ ನೋಡಿ ಮಗಾ ಎಂದು ಇನ್ನೊಬ್ಬ. ಅಯ್ಯೋ ಪಾಪ, ಸಾರ್‌ಗೆ ಹುಷಾರಿಲ್ವಾ ಎಂದು ಒಬ್ಬ ಹುಡುಗಿ ಕೇಳಿದ್ದಳು. ಅವಳಿಗೆ ಯಾರೂ ಉತ್ತರ ಬರೆದಿರಲಿಲ್ಲ.

ಹದಿನಾಲ್ಕನೇ ನಿಮಿಷದಿಂದ ನೋಡಿದೆ. ಅಪ್ಪ ಎರಡು ಭಿನ್ನರಾಶಿಗಳ ಕೆಳಗೆ ಸೀಮೆಸುಣ್ಣದಿಂದ ಗೀಚುತ್ತಾ "ಇಲ್ಲಿ ಇದರ... ಇದರ..." ಎಂದು ನಿಂತರು. ಛೇದ ಎನ್ನಬೇಕಿತ್ತು. ಜೀವನದಲ್ಲಿ ಎಷ್ಟು ಸಾವಿರ ಸಲ ಹೇಳಿದ್ದರೋ ಆ ಪದವನ್ನು. "ಕೆಳಗಡೆ ಇರೋದು, ಅದು" ಎಂದರು. ಹಲಗೆಯನ್ನು ನೋಡುತ್ತಾ ಬಹಳ ಹೊತ್ತು ನಿಂತರು. "ಬರ್ಕೊಳ್ಳಿ" ಎಂದಿರಲಿಲ್ಲ. ಆಮೇಲೆ ಲೆಕ್ಕದ ಮೊದಲ ಸಾಲನ್ನು ಅದರ ಕೆಳಗೇ ಮತ್ತೊಮ್ಮೆ ಬರೆದರು, ಒಂದಕ್ಷರ ಬದಲಿಲ್ಲದೆ. ಪಕ್ಕಕ್ಕೆ ಸರಿದು ಕೈಕಟ್ಟಿದರು. ಬಂದು ಮತ್ತೆ ಅದೇ ಸಾಲನ್ನು ಬರೆದರು. ಹಲಗೆಯ ಮೇಲೆ ಒಂದರ ಕೆಳಗೊಂದು ಮೂರು ಒಂದೇ ಸಾಲುಗಳು, ಅವರ ಗುಂಡನೆಯ ಅಕ್ಷರದಲ್ಲಿ. ಕೊನೆಗೆ ಎಲ್ಲಿಂದಲೋ ದಾರಿ ಸಿಕ್ಕವರಂತೆ ಸರಸರ ಲೆಕ್ಕ ಮುಗಿಸಿದರು. ಉತ್ತರ ಸರಿಯಿತ್ತು.

ನಾನು ವಿಡಿಯೊವನ್ನು ಚಾನೆಲ್ಲಿನಿಂದ ತೆಗೆಯುವ ಮೊದಲೇ ಅಪ್ಪನ ಫೋನು ಬಂತು. ಅಪ್ಪ ಬೆಳಗಿನ ಕಾಮೆಂಟುಗಳಿಗೆ ಉತ್ತರ ಬರೆಯಲು ಕೂತಿದ್ದರಂತೆ. ಅವರ ದನಿಯಲ್ಲಿ ಗಾಬರಿ ಇರಲಿಲ್ಲ. ಉತ್ತರಪತ್ರಿಕೆಯಲ್ಲಿ ಯಾರದೋ ತಪ್ಪನ್ನು ಕಂಡ ದನಿ.

"ಆ ಮೂರು ಸಾಲು ನಾನೇ ಬರೆದದ್ದಾ?"

ಏನು ಹೇಳಿದೆ ಎಂದು ನನಗೆ ನೆನಪಿಲ್ಲ. ಹೌದು ಎಂದೆನೋ, ಬಂದು ನೋಡುತ್ತೇನೆ ಎಂದೆನೋ. ಡೈರಿಯಲ್ಲಿ ಆ ದಿನದ ಪುಟ ಖಾಲಿಯಿದೆ. ಮೂರು ವರ್ಷದಲ್ಲಿ ಅದೊಂದೇ ಖಾಲಿ ಪುಟ.

ವಿಡಿಯೊ ತೆಗೆದೆ. ಆದರೆ ಅಷ್ಟರಲ್ಲಿ ಆ ಎರಡು ನಿಮಿಷವನ್ನು ಬೇರೆ ಯಾರೋ ಕತ್ತರಿಸಿಕೊಂಡು ಹಂಚಿಕೊಂಡಿದ್ದರು, ಅದು ನಮ್ಮ ಕೈಯಲ್ಲಿರಲಿಲ್ಲ. ಇಪ್ಪತ್ತೊಂದನೆಯ ಸಾಲನ್ನು ಹಾಳೆಯಲ್ಲಿ ತುಂಬಿದ್ದೇನೆ ಎಂದು ಹೇಳಲು ನಾಚಿಕೆಯಾಗುತ್ತದೆ. ಏಳು ದಿನ ಆಗಿರಲಿಲ್ಲ, ಹೋಲಿಸುವಂತಿಲ್ಲ, ಆದರೂ ತುಂಬಿದೆ. ಕಟ್: ಸೊನ್ನೆ. ಉಳಿದೆಲ್ಲ ಕಾಲಮ್ಮಿನಲ್ಲೂ ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ಬಣ್ಣ ತಾನಾಗಿಯೇ ಹಸಿರಾಯಿತು.

ಅಪ್ಪ ಹಲಗೆಯನ್ನು ತಾವೇ ಒರೆಸಿ, ಒದ್ದೆ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಚಾನೆಲ್ ಸಾಕು ಎಂದರು. ಯಾರ ಮೇಲೂ ಸಿಟ್ಟಾಗಲಿಲ್ಲ. ಆ ವಾರವೇ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆವು, ಅಲ್ಲಿಂದ ನರರೋಗದ ಡಾಕ್ಟರ ಬಳಿ ಕಳಿಸಿದರು. ಆಕೆ ಅಪ್ಪನಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು, ನೂರರಿಂದ ಏಳೇಳು ಕಳೆಯುತ್ತಾ ಬರಲು ಹೇಳಿದರು. ಅಪ್ಪ ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ನಿಲ್ಲದೆ ಇಳಿದು ಎರಡರಲ್ಲಿ ನಿಂತು, ಮುಂದೆ ಋಣಸಂಖ್ಯೆ ಬರುತ್ತೆ, ಹೇಳಲಾ ಎಂದರು. ಪೆನ್ನಿನ ಕ್ಯಾಪ್ ತೋರಿಸಿ ಇದೇನು ಎಂದು ಕೇಳಿದಾಗ ಸುಮ್ಮನಾದರು.

ಯಾವಾಗಿನಿಂದ ಹೀಗೆ ಎಂದು ಡಾಕ್ಟರು ನಮ್ಮಿಬ್ಬರನ್ನು ಕೇಳಿದರು. ತಮ್ಮ ನೆಲ ನೋಡುತ್ತಿದ್ದ. ನಾನು ಈಚೆಗೆ ಎಂದೆ, ಆಮೇಲೆ ಗೊತ್ತಿಲ್ಲ ಎಂದೆ. ಕಳೆದ ವರ್ಷ ಒಮ್ಮೆ ಫೋನಿನಲ್ಲಿ ಅವರು ಮಾತಿನ ನಡುವೆ ನಿಂತದ್ದು ಆ ಕ್ಷಣದಲ್ಲಿ ನೆನಪಾಯಿತು. ಅದು ನಿಜವಾಗಿ ನಡೆದದ್ದೇ ಅಥವಾ ಆ ಪ್ರಶ್ನೆಗೆ ಉತ್ತರ ಬೇಕೆಂದು ನನ್ನ ತಲೆ ಆಗಲೇ ಹುಟ್ಟಿಸಿದ್ದೇ, ಇವತ್ತಿಗೂ ಹೇಳಲಾರೆ. ಹಾಗಾಗಿ ಫೋನಿನಲ್ಲಿ ಹಾಳೆ ತೆರೆದು, ತಾರೀಖಿನ ಪ್ರಕಾರ ಜೋಡಿಸಿ, ಕಟ್‌ಗಳ ಕಾಲಂ ತೋರಿಸಿದೆ. ನಾಲ್ಕು, ಐದು, ನಾಲ್ಕು, ಒಂಬತ್ತು, ಹನ್ನೊಂದು, ಹೀಗೆ ಮೂವತ್ತೆಂಟರವರೆಗೆ. ಆಕೆ ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದರು. ಇದನ್ನು ಯಾರು ಎಣಿಸಿದ್ದು ಎಂದು ಕೇಳಿದರು. ನಾನು ಎಂದೆ. ಕತ್ತರಿಸಿದ್ದು ಯಾರು ಎಂದು ಕೇಳಲಿಲ್ಲ.

ಮುಂಚೆ ಬಂದಿದ್ದರೆ ವಾಸಿಯಾಗುತ್ತಿತ್ತು ಎಂದೇನೂ ಅವರು ಹೇಳಲಿಲ್ಲ. ಇದಕ್ಕೆ ವಾಸಿ ಎಂಬುದಿಲ್ಲ, ಔಷಧಿ ಸ್ವಲ್ಪ ನೆರವಾಗಬಹುದು, ಮೊದಲೇ ಗೊತ್ತಾಗಿದ್ದರೆ ಮಾತು ಚೆನ್ನಾಗಿದ್ದಾಗಲೇ ಅವರ ಜೊತೆ ಕೂತು ಮುಂದಿನದನ್ನು ಮಾತಾಡಿಕೊಳ್ಳಬಹುದಿತ್ತು ಎಂದರು. ಐದು ತಿಂಗಳು. ಮುಂದಿನದನ್ನು ನಾವು ಈಗ ನಮ್ಮಿಬ್ಬರಲ್ಲೇ ಮಾತಾಡಿಕೊಳ್ಳುತ್ತೇವೆ.

ಅಪ್ಪ ಈಗ ಪಾಠ ಮಾಡುವುದಿಲ್ಲ. ಹಲಗೆ ಗೋಡೆಯ ಮೇಲೆಯೇ ಇದೆ. ವಾರಕ್ಕೊಮ್ಮೆ ನಾನು ಹೋದಾಗ ಉದ್ದನೆಯ ನೋಟ್‌ಬುಕ್ ತೆಗೆದು, ಪೆನ್ನು ಹಿಡಿದು, ಈ ವಾರ ಹಾಜರಿ ಎಷ್ಟು ಎಂದು ಕೇಳುತ್ತಾರೆ. ಪದಗಳು ಬಹಳ ಕಡಿಮೆಯಾಗಿವೆ, ಆ ಪದ ಮಾತ್ರ ಉಳಿದಿದೆ. ನಾನು ಬಾಯಿಗೆ ಬಂದ ಸಂಖ್ಯೆ ಹೇಳುತ್ತೇನೆ. ಅವರು ಕೆಂಪು ಶಾಯಿಯಲ್ಲಿ ಬರೆದುಕೊಳ್ಳುತ್ತಾರೆ. ಹೋದ ವಾರಕ್ಕಿಂತ ಕಡಿಮೆ ಹೇಳದ ಹಾಗೆ ನೋಡಿಕೊಳ್ಳುತ್ತೇನೆ.

ಮದುವೆಗಳ ಕೆಲಸ ಕಡಿಮೆ ಮಾಡಿ ತಮ್ಮ ಅವರ ಜೊತೆಯಲ್ಲೇ ಇದ್ದಾನೆ. ಸ್ನಾನ, ಮಾತ್ರೆ, ಸಂಜೆ ಪಾರ್ಕಿಗೆ ಕರೆದೊಯ್ಯುವುದು ಎಲ್ಲ ಅವನೇ. ನಾನು ಅವನಲ್ಲಿ ಕ್ಷಮೆ ಕೇಳಿದೆ, ಆ ಊಟದ ಹೊತ್ತಿನ ಮಾತಿಗೆ. ಬಿಡಕ್ಕಾ ಎಂದ. ಕತ್ತರಿಸುವ ಮೊದಲಿನ ಇಪ್ಪತ್ತೂ ಫೈಲುಗಳು ಅವನ ಹಾರ್ಡ್ ಡಿಸ್ಕಿನಲ್ಲಿವೆ ಎಂದು ತಾನಾಗಿಯೇ ಹೇಳಿ, ಕೊಟ್ಟ. ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ಆಮೇಲೆ ಮೊದಲನೆಯದನ್ನು ಮಾತ್ರ ನೋಡಿದೆ, ಹಾಳೆಯ ಪಕ್ಕದಲ್ಲಿಟ್ಟುಕೊಂಡು. ನಾಲ್ಕು ಕಟ್. ಒಂದರಲ್ಲಿ ಅಪ್ಪ ಕೆಮ್ಮಿದ್ದರು. ಇನ್ನೊಂದರಲ್ಲಿ ಮೇಲಿನ ಪೋರ್ಷನ್ನಿನ ಕುಕ್ಕರ್ ಕೂಗಿತ್ತು. ಮೂರನೆಯದರಲ್ಲಿ ಗುಜರಿಯವನ ಗಾಡಿಯ ಧ್ವನಿವರ್ಧಕ. ನಾಲ್ಕನೆಯದು ಒಂಬತ್ತು ಸೆಕೆಂಡು. ಸದ್ದಿಲ್ಲ, ಕೆಮ್ಮಿಲ್ಲ. ಅಪ್ಪ ಹಲಗೆಯತ್ತ ತಿರುಗಿ, ಸೀಮೆಸುಣ್ಣ ಎತ್ತಿ ಹಿಡಿದು, ಏನನ್ನೋ ಹುಡುಕುತ್ತಿದ್ದರು. "ಬರ್ಕೊಳ್ಳಿ" ಎಂದಿರಲಿಲ್ಲ. ಒಂಬತ್ತು ಸೆಕೆಂಡಾದ ಮೇಲೆ ಮುಂದುವರಿಸಿದರು, ಏನೂ ಆಗಿಲ್ಲದಂತೆ.

ಹೋದ ಭಾನುವಾರ ಅಪ್ಪ ಒಳಗೆ ಮಲಗಿದ್ದರು. ಮುಂದಿನ ಕೋಣೆಯಲ್ಲಿ ಹಲಗೆಯ ಕೆಳಗೆ ತಮ್ಮ ಕೂತು ಅವರ ಬಟ್ಟೆಗಳನ್ನು ಮಡಚುತ್ತಿದ್ದ. ಆ ನಾಲ್ಕನೆಯ ಕಟ್‌ನ ಬಗ್ಗೆ ಹೇಳಿದೆ. ಅವನಿಗೆ ಯಾವುದೆಂದು ತಕ್ಷಣ ಗೊತ್ತಾಯಿತು, ಮುಖದಲ್ಲೇ ಕಂಡಿತು. ಅಥವಾ ಕಂಡಿತೆಂದು ನಾನು ಅಂದುಕೊಂಡೆ. ಅವನು ಕಂದು ಸ್ವೆಟರಿನ ತೋಳುಗಳನ್ನು ಒಳಕ್ಕೆ ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ಅದನ್ನ ಕಟ್ ಮಾಡುವಾಗ್ಲೇ ನಿಂಗೆ ಗೊತ್ತಿತ್ತೇನೋ?" ಎಂದು ಕೇಳಿದೆ.